ಯಾವ ಪುಡಿಯಲ್ಲಿ ಎಷ್ಟು ಉಳಿಯುತ್ತದೆ? ಪ್ರತಿ ಸರಕಿನ ಗ್ರಾಸ್ ಮಾರ್ಜಿನ್ ವರದಿ ಮಾಡುವ ಬಗೆ

ಹುಬ್ಬಳ್ಳಿ ಕಡೆಯ ಒಂದು ಸಣ್ಣ ಮಸಾಲೆ ಘಟಕದ ಲೆಕ್ಕ ನೋಡಲು ಕೂತಿದ್ದೆ. ನಡೆಸುವವರು ಇಬ್ಬರು ಅಕ್ಕತಂಗಿಯರು. ಮಾಡುವುದು ಮೂರೇ ಸರಕು: ಖಾರದ ಪುಡಿ, ಸಾಂಬಾರ್ ಪುಡಿ, ಶೇಂಗಾ ಚಟ್ನಿಪುಡಿ. ದೊಡ್ಡವರು ಕೇಳಿದರು: "ಸರ್, ಶೇಂಗಾ ಚಟ್ನಿಯಲ್ಲೇ ನಮಗೆ ಜಾಸ್ತಿ ಉಳಿಯೋದು, ಅಲ್ವಾ? ಖಾರದ ಪುಡಿ ನಿಲ್ಲಿಸಿಬಿಡೋಣ ಅಂತಿದ್ದೀವಿ." ಅವರ ಹತ್ತಿರ ಎಕ್ಸೆಲ್ ಹಾಳೆ ಇತ್ತು, ಅದೂ ಹಾಗೇ ಹೇಳುತ್ತಿತ್ತು. 

ಕೂಡಿಸುವುದರಲ್ಲಿ ಎಲ್ಲೂ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಎರಡು ಕಡೆ. ಮೆಣಸಿನಕಾಯಿಯ ದರ ಏರಿದ್ದನ್ನು, ಬಳಸಿದ ತೂಕವನ್ನು ಸರಿಯಾಗಿ ಹಿಡಿದಿರಲಿಲ್ಲ. ಶೆಡ್ಡಿನ ಬಾಡಿಗೆ, ಗ್ಯಾಸ್, ಗಿರಣಿ ಖರ್ಚನ್ನು ಮೂರೂ ಪುಡಿಗಳಿಗೆ ಸುಮ್ನೆ ಮಾರಾಟದ ಲೆಕ್ಕದಲ್ಲಿ ಹಂಚಿದ್ದರು. ಆ ವರದಿಯನ್ನು ಹೇಗೆ ಮತ್ತೆ ಕಟ್ಟಿದೆವು ಎನ್ನುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡು ಮಾಡಿದ್ದೇನೆ. ದರಗಳು ಉದಾಹರಣೆಗೆ ಮಾತ್ರ.

ಮೊದಲು ಗೆರೆ ಎಳೆದುಕೊಳ್ಳಿ

ಗ್ರಾಸ್ ಮಾರ್ಜಿನ್ ಅಂದರೆ ಮಾರಿದ ಹಣದಲ್ಲಿ ಆ ಸರಕನ್ನು ತಯಾರು ಮಾಡಲು ತಗುಲಿದ ಖರ್ಚು ಕಳೆದು ಉಳಿಯುವುದು. ತಯಾರಿ ಎಲ್ಲಿಗೆ ಮುಗಿಯುತ್ತದೆ ಎನ್ನುವುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ನಾವು ಗೆರೆ ಎಳೆದದ್ದು ಪ್ಯಾಕೆಟ್ ಸೀಲ್ ಆಗಿ ರಟ್ಟಿನ ಡಬ್ಬಿಗೆ ಬೀಳುವ ಜಾಗದಲ್ಲಿ. ಅದಕ್ಕಿಂತ ಮುಂಚಿನದೆಲ್ಲ ತಯಾರಿ ಖರ್ಚು: ಮೆಣಸಿನಕಾಯಿ, ಬೇಳೆ, ಶೇಂಗಾ, ಹುರಿಯುವುದು, ಬೀಸುವುದು, ಪೌಚು, ಪ್ಯಾಕಿಂಗ್ ಕೂಲಿ, ಶೆಡ್ಡಿನ ಬಾಡಿಗೆ. ಅಂಗಡಿಗೆ ಸಾಗಿಸುವ ಟೆಂಪೋ ಬಾಡಿಗೆ, ಸೇಲ್ಸ್‌ಮ್ಯಾನ್ ಕಮಿಷನ್, ಜಾಹೀರಾತು, ಲೆಕ್ಕ ಬರೆಯುವವರ ಫೀಸು ಇದರಲ್ಲಿ ಬರುವುದಿಲ್ಲ. ಅವು ಗ್ರಾಸ್ ಮಾರ್ಜಿನ್‌ನ ಕೆಳಗಿನ ಸಾಲಿನ ಖರ್ಚು.

ಮಾರಾಟದ ಅಂಕಿಯನ್ನೂ ಶುದ್ಧ ಮಾಡಿಕೊಳ್ಳಿ. ಜಿಎಸ್‌ಟಿ ನಿಮ್ಮ ಹಣವಲ್ಲ, ತೆಗೆದುಬಿಡಿ. ವಾಪಸ್ ಬಂದ ಮಾಲು, ಅಂಗಡಿಗೆ ಕೊಟ್ಟ ಡಿಸ್ಕೌಂಟ್ ಕಳೆಯಿರಿ. ಡಜನ್‌ಗೆ ಒಂದು ಫ್ರೀ ಕೊಟ್ಟಿದ್ದರೆ ಹಣ ಬರುವುದು 12 ಪ್ಯಾಕೆಟ್‌ಗೆ, ಖರ್ಚು ತಗುಲುವುದು 13ಕ್ಕೆ. ಖರೀದಿಯಲ್ಲೂ ಹಾಗೆಯೇ. ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ಸಿಗುತ್ತಿದ್ದರೆ ಜಿಎಸ್‌ಟಿ ಬಿಟ್ಟು ದರ ಬರೆಯಿರಿ. ಸಣ್ಣ ವ್ಯಾಪಾರಿಗಳು ಮಾರಾಟದ ಮೇಲೆ ಸಣ್ಣ ಶೇಕಡಾ ತೆರಿಗೆ ಕಟ್ಟುವ ಕಾಂಪೋಸಿಶನ್ ಸ್ಕೀಮಿನಲ್ಲಿದ್ದರೆ ಆ ಕ್ರೆಡಿಟ್ ಸಿಗುವುದಿಲ್ಲ, ಆಗ ಕೊಟ್ಟ ತೆರಿಗೆ ಕಚ್ಚಾಮಾಲಿನ ಬೆಲೆಯಲ್ಲೇ ಸೇರಬೇಕು.

ದರದ ಖಾನೆಯನ್ನು ಅಳಿಸಿ ಬರೆಯಬೇಡಿ

ಅಕ್ಕನವರ ಹಾಳೆಯಲ್ಲಿ ಮೆಣಸಿನಕಾಯಿಗೆ ಒಂದೇ ಒಂದು ದರದ ಖಾನೆ ಇತ್ತು. ಹೊಸ ಮಾಲು ಬಂದಾಗಲೆಲ್ಲ ಹಳೆಯ ದರ ಅಳಿಸಿ ಹೊಸದನ್ನು ಹೊಡೆಯುತ್ತಿದ್ದರು. ಹಾಗೆ ಮಾಡಿದ ಕೂಡಲೇ ಹಿಂದಿನ ಆರು ತಿಂಗಳ ಮಾರ್ಜಿನ್ ಕೂಡ ಬದಲಾಗಿಬಿಡುತ್ತಿತ್ತು. ಹೋದ ತಿಂಗಳು ಪ್ರಿಂಟ್ ತೆಗೆದು ಇಟ್ಟ ವರದಿಗೂ ಇವತ್ತು ಪರದೆಯ ಮೇಲೆ ಕಾಣುವ ಅದೇ ತಿಂಗಳ ವರದಿಗೂ ತಾಳೆಯಾಗದಿದ್ದರೆ ನಿಮ್ಮ ಹಾಳೆಯಲ್ಲೂ ಇದೇ ರೋಗ ಇದೆ.

ಮದ್ದು ಸರಳ. ಖರೀದಿಗೆ ಒಂದು ಬೇರೆ ಹಾಳೆ ಮಾಡಿ. ಪ್ರತಿ ಖರೀದಿಗೂ ಹೊಸ ಸಾಲು: ತಾರೀಕು, ಸರಕು, ಕೆಜಿ, ಒಟ್ಟು ಬೆಲೆ. ಹಳೆಯ ಸಾಲನ್ನು ಯಾವತ್ತೂ ಮುಟ್ಟಬೇಡಿ. ಒಟ್ಟು ಬೆಲೆ ಅಂದರೆ ಬಿಲ್ಲಿನ ಬೆಲೆ ಅಷ್ಟೇ ಅಲ್ಲ, ಮಾಲು ಶೆಡ್ಡಿನ ಬಾಗಿಲಿಗೆ ಬಂದು ಬೀಳುವವರೆಗಿನ ಬೆಲೆ. ಆ ತಿಂಗಳು 12ನೇ ತಾರೀಕು ಬ್ಯಾಡಗಿಯಿಂದ 300 ಕೆಜಿ ಕಾಯಿ ತಂದಿದ್ದರು. ಬಿಲ್ಲು ₹1,17,000, ಅಂದರೆ ಕೆಜಿಗೆ ₹390. ಲಾರಿ ಬಾಡಿಗೆ, ಹಮಾಲಿ ಸೇರಿ ಇನ್ನೂ ₹3,000 ಹೋಗಿತ್ತು. ಹಾಗಾಗಿ ನಿಜವಾದ ದರ ₹400. ಆ ಹಮಾಲಿ ದುಡ್ಡು ಅಲ್ಲಿಯವರೆಗೆ "ಇತರೆ ಖರ್ಚು" ಅಂತ ಎಲ್ಲೋ ಕೂತಿತ್ತು.

ಈಗ ಪ್ರಶ್ನೆ ಬರುತ್ತದೆ. ತಿಂಗಳ ಶುರುವಿನಲ್ಲಿ ₹300ರ ದರದ 200 ಕೆಜಿ ಕಾಯಿ ಮನೆಯಲ್ಲಿತ್ತು. ಹೊಸದು ₹400ರ ದರದ 300 ಕೆಜಿ. ಬಳಸಿದ್ದು 350 ಕೆಜಿ. ಯಾವ ದರ ಹಾಕಬೇಕು? ಹಳೆಯದೇ ಮೊದಲು ಖರ್ಚಾಯಿತು ಅಂತ ಹಿಡಿದರೆ 200 ಕೆಜಿಗೆ ₹60,000, ಮಿಕ್ಕ 150 ಕೆಜಿಗೆ ₹60,000, ಒಟ್ಟು ₹1,20,000. ಎರಡನ್ನೂ ಬೆರೆಸಿ ಸರಾಸರಿ ಹಿಡಿದರೆ 500 ಕೆಜಿಗೆ ₹1,80,000, ಕೆಜಿಗೆ ₹360. ಬಳಸಿದ 350 ಕೆಜಿಗೆ ₹1,26,000. ಒಂದೇ ಮಾಲು, ಒಂದೇ ತಿಂಗಳು, ಆದರೂ ₹6,000 ವ್ಯತ್ಯಾಸ.

ನಮ್ಮ ದೇಶದ ಲೆಕ್ಕದ ಮಾನದಂಡ ಎಎಸ್ 2 ಈ ಎರಡೂ ವಿಧಾನಗಳನ್ನು ಒಪ್ಪುತ್ತದೆ. ಕೊನೆಗೆ ಬಂದ ಮಾಲೇ ಮೊದಲು ಖರ್ಚಾಯಿತು ಎನ್ನುವ ಲೆಕ್ಕವನ್ನು ಒಪ್ಪುವುದಿಲ್ಲ. ಮೆಣಸಿನಕಾಯಿಯಂಥ ಮಾಲಿಗೆ ನಾನು ಸರಾಸರಿಯನ್ನೇ ಹೇಳುತ್ತೇನೆ. ಶೆಡ್ಡಿನಲ್ಲಿ ಹಳೆಯ ಚೀಲ ಹೊಸ ಚೀಲ ಬೆರೆತೇ ಹೋಗುತ್ತವೆ, ಬಣ್ಣಕ್ಕೆ ಅಂತ ಬೇಕೆಂದೇ ಬೆರೆಸುವುದೂ ಇದೆ. ಯಾವುದನ್ನು ಆರಿಸಿದರೂ ಸರಿ, ಆಮೇಲೆ ಅದನ್ನೇ ಹಿಡಿದು ನಡೆಯಿರಿ. ಒಂದು ತಿಂಗಳು ಹೀಗೆ, ಇನ್ನೊಂದು ತಿಂಗಳು ಹಾಗೆ ಮಾಡಿದರೆ ಮಾರ್ಜಿನ್ ಏರಿದ್ದು ವ್ಯಾಪಾರದಿಂದಲೋ ಲೆಕ್ಕದ ವಿಧಾನದಿಂದಲೋ ಗೊತ್ತಾಗುವುದೇ ಇಲ್ಲ.

ಎಕ್ಸೆಲ್‌ನಲ್ಲಿ ಹೀಗೆ ಬರೆಯಬಹುದು. `Buy` ಹಾಳೆಯಲ್ಲಿ A ತಾರೀಕು, B ಸರಕು, C ಕೆಜಿ, D ಒಟ್ಟು ಬೆಲೆ. ತಿಂಗಳ ಹಾಳೆಯಲ್ಲಿ A2 ಸರಕಿನ ಹೆಸರು, B2 ಹಳೆ ದಾಸ್ತಾನಿನ ಕೆಜಿ, C2 ಅದರ ಬೆಲೆ. H1 ಮತ್ತು I1ರಲ್ಲಿ ತಿಂಗಳ ಮೊದಲ ಮತ್ತು ಕೊನೆಯ ತಾರೀಕು.

```
D2: =B2+SUMIFS(Buy!C:C,Buy!B:B,A2,Buy!A:A,">="&$H$1,Buy!A:A,"<="&$I$1)
E2: =C2+SUMIFS(Buy!D:D,Buy!B:B,A2,Buy!A:A,">="&$H$1,Buy!A:A,"<="&$I$1)
F2: =E2/D2
```

F2ರಲ್ಲಿ ಬರುವುದೇ ಆ ತಿಂಗಳ ಸರಾಸರಿ ದರ. ಸರಕಿನ ಹೆಸರನ್ನು ಎರಡೂ ಹಾಳೆಗಳಲ್ಲಿ ಒಂದೇ ರೀತಿ ಬರೆಯಬೇಕು. "ಮೆಣಸಿನಕಾಯಿ" ಒಂದು ಕಡೆ, "ಬ್ಯಾಡಗಿ ಕಾಯಿ" ಇನ್ನೊಂದು ಕಡೆ ಬರೆದರೆ ಆ ಖರೀದಿ ಲೆಕ್ಕದಿಂದ ಮಾಯವಾಗುತ್ತದೆ, ಎಕ್ಸೆಲ್ ತಪ್ಪು ಅಂತಲೂ ಹೇಳುವುದಿಲ್ಲ.

ಎಷ್ಟು ಕಾಯಿ ಹೋಯಿತು: ಬ್ಯಾಚ್ ಪುಸ್ತಕ ಹೇಳಬೇಕು

ದರ ಸಿಕ್ಕರೆ ಅರ್ಧ ಕೆಲಸವಷ್ಟೇ. ಯಾವ ಪುಡಿಗೆ ಎಷ್ಟು ಕಾಯಿ ಹೋಯಿತು ಎನ್ನುವುದು ಇನ್ನರ್ಧ. ಗಿರಣಿಯ ಪಕ್ಕ ಮೊಳೆಗೆ ಒಂದು ನೋಟ್‌ಬುಕ್ ತೂಗುಹಾಕಿಸಿದೆ. ಈಗ ಅದರ ಅಂಚೆಲ್ಲ ಖಾರದ ಬೆರಳಚ್ಚಿನಿಂದ ಕೆಂಪಾಗಿದೆ. ಪ್ರತಿ ಬ್ಯಾಚಿಗೂ ಒಂದು ಸಾಲು: ತಾರೀಕು, ಯಾವ ಪುಡಿ, ಹಾಕಿದ ಕಾಯಿ ಎಷ್ಟು ಕೆಜಿ, ಬಂದ ಪುಡಿ ಎಷ್ಟು ಕೆಜಿ, ಹುರಿದ ಗಂಟೆ, ಬೀಸಿದ ಗಂಟೆ.

ಮೊದಲ ತಿಂಗಳಲ್ಲೇ ಒಂದು ಸಂಗತಿ ಹೊರಬಂತು. ಹಾಳೆಯಲ್ಲಿ 1 ಕೆಜಿ ಖಾರದ ಪುಡಿಗೆ 1 ಕೆಜಿ ಕಾಯಿ ಅಂತ ಹಿಡಿದಿದ್ದರು. ನಿಜವಾಗಿ ಹೋಗುತ್ತಿದ್ದದ್ದು 1.1 ಕೆಜಿ. ತೊಟ್ಟು ಬಿಡಿಸಿದಾಗ, ಮತ್ತೊಮ್ಮೆ ಬಿಸಿಲಿಗೆ ಒಣಹಾಕಿದಾಗ, ಬೀಸುವಾಗ ಹಾರಿದ್ದು, ಎಲ್ಲ ಸೇರಿ ಅಷ್ಟು ತೂಕ ಕಡಿಮೆಯಾಗುತ್ತದೆ. ನಿಮ್ಮ ಘಟಕದ ಅಂಕಿ ಬೇರೆ ಇರಬಹುದು, ಕಾಯಿಯ ತೇವದ ಮೇಲೂ ಹೋಗುತ್ತದೆ. ಬೇರೆಯವರ ಅಂಕಿ ತಂದು ಹಾಕಬೇಡಿ, ನಿಮ್ಮ ತಕ್ಕಡಿಯಲ್ಲಿ ತೂಗಿ.

ಆ ತಿಂಗಳು ಮೂರೂ ಪುಡಿ 200 ಗ್ರಾಂನ ತಲಾ 1,000 ಪ್ಯಾಕೆಟ್ ಮಾಡಿ ಮಾರಿದ್ದರು. ಖಾರದ ಪುಡಿಗೆ 220 ಕೆಜಿ ಕಾಯಿ, ಸಾಂಬಾರ್ ಪುಡಿಗೆ 110, ಚಟ್ನಿಪುಡಿಗೆ 20. ಒಟ್ಟು 350. ತಿಂಗಳ ಕೊನೆಗೆ ಚೀಲ ತೂಗಿದಾಗ 150 ಕೆಜಿ ಇರಬೇಕು. 146 ಇದ್ದರೆ ಆ 4 ಕೆಜಿಯನ್ನು ಯಾವುದೋ ಪುಡಿಗೆ ತುರುಕಬೇಡಿ. ₹1,440 ಅಂತ ಬೇರೆ ಸಾಲಿನಲ್ಲೇ ತೋರಿಸಿ, ಕಾರಣ ಹುಡುಕಿ.

ಮಾಡಿದ್ದೆಲ್ಲ ಮಾರಾಟವಾಗದ ತಿಂಗಳಲ್ಲಿ ಮಾರಿದ ಪ್ಯಾಕೆಟ್‌ಗಳ ಖರ್ಚನ್ನು ಮಾತ್ರ ಹಿಡಿಯಬೇಕು. ಉಳಿದ ಪ್ಯಾಕೆಟ್‌ಗಳ ಖರ್ಚು ಅವುಗಳ ಜೊತೆಗೇ ಮುಂದಿನ ತಿಂಗಳಿಗೆ ಹೋಗುತ್ತದೆ.

ಸರಿ, ಇಲ್ಲಿಯವರೆಗಿನ ಲೆಕ್ಕ ಹೀಗಿದೆ. ಪ್ಯಾಕಿಂಗ್ ಅಂದರೆ ಪೌಚು, ಸ್ಟಿಕ್ಕರ್, ಪ್ಯಾಕ್ ಮಾಡುವ ಕೂಲಿ ಸೇರಿ ಪ್ಯಾಕೆಟ್‌ಗೆ ₹6.

| | ಖಾರದ ಪುಡಿ | ಸಾಂಬಾರ್ ಪುಡಿ | ಶೇಂಗಾ ಚಟ್ನಿಪುಡಿ |
|---|---|---|---|
| ಮಾರಾಟ | 1,10,000 | 1,00,000 | 70,000 |
| ಕಚ್ಚಾಮಾಲು | 79,200 | 60,000 | 34,000 |
| ಪ್ಯಾಕಿಂಗ್ | 6,000 | 6,000 | 6,000 |
| ಉಳಿದದ್ದು | 24,800 | 34,000 | 30,000 |

ಈ "ಉಳಿದದ್ದು" ಸಾಲನ್ನು ವರದಿಯಲ್ಲಿ ಹಾಗೇ ಉಳಿಸಿಕೊಳ್ಳಿ. ಇದರಲ್ಲಿ ಯಾವ ಅಂದಾಜೂ ಇಲ್ಲ, ಬರೀ ತೂಕ ಮತ್ತು ದರ. ಆಮೇಲೆ ಬರುವುದೆಲ್ಲ ಹಂಚಿಕೆ. ಹಂಚಿಕೆಯಲ್ಲಿ ನಮ್ಮ ತೀರ್ಮಾನವೂ ಬೆರೆತಿರುತ್ತದೆ.

ಎಲ್ಲಕ್ಕೂ ಸೇರಿದ ಖರ್ಚನ್ನು ಹಂಚುವುದು

ಹಂಚಬೇಕಾದ ಖರ್ಚು ಒಟ್ಟು ₹42,000. ಮೊದಲು ಇದನ್ನು ಮಾರಾಟದ ಪ್ರಮಾಣದಲ್ಲಿ ಹಂಚಿದ್ದರು. ಒಟ್ಟು ಮಾರಾಟ ₹2,80,000, ಹಾಗಾಗಿ ಪ್ರತಿಯೊಂದಕ್ಕೂ ಮಾರಾಟದ 15%. ಖಾರದ ಪುಡಿಗೆ ₹16,500, ಸಾಂಬಾರ್‌ಗೆ ₹15,000, ಚಟ್ನಿಗೆ ₹10,500. ಸರಿಪಡಿಸಿದ ದರ, ತೂಕದ ಮೇಲೆ ಆ ಹಂಚಿಕೆಯಲ್ಲಿ ಮಾರ್ಜಿನ್ ಖಾರದ ಪುಡಿಗೆ 7.5%, ಸಾಂಬಾರ್‌ಗೆ 19%, ಚಟ್ನಿಗೆ 27.9%.

ನೋಡಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಖಾರದ ಪುಡಿ ದುಬಾರಿ ಆದದ್ದು ಕಾಯಿಯ ಬೆಲೆಯಿಂದ. ಅದು ಶೆಡ್ಡನ್ನು ಜಾಸ್ತಿ ಬಳಸುತ್ತದೆ ಅಂತಲ್ಲ. ಕಾಯಿ ತುಟ್ಟಿಯಾಗಿ ನೀವು ಬೆಲೆ ಏರಿಸಿದರೆ ಈ ವಿಧಾನದಲ್ಲಿ ಅದರ ತಲೆಗೆ ಬಾಡಿಗೆಯೂ ಜಾಸ್ತಿ ಬೀಳುತ್ತದೆ. ಬಾಡಿಗೆ ಮಾತ್ರ ಒಂದು ರೂಪಾಯಿಯೂ ಏರಿರುವುದಿಲ್ಲ.

ಹಂಚುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಖರ್ಚು ಯಾವುದರಿಂದ ಹುಟ್ಟುತ್ತದೆ? ಅದನ್ನು ಕೇಳುತ್ತಾ ಹೋದರೆ ₹42,000 ಮೂರು ಗುಂಪಾಗಿ ಒಡೆಯಿತು.

ಮೊದಲನೆಯದು ಹುರಿಯುವ ಖರ್ಚು, ₹18,000. ಗ್ಯಾಸ್ ₹9,000, ಹುರಿಯುವ ಬಾಣಸಿಗರ ಸಂಬಳ ₹9,000. ಇದು ಹುರಿದ ಗಂಟೆಯ ಮೇಲೆ ಹೋಗಬೇಕು. ನೋಟ್‌ಬುಕ್ ಪ್ರಕಾರ ಸಾಂಬಾರ್ ಪುಡಿಗೆ 20 ಗಂಟೆ, ಶೇಂಗಾಕ್ಕೆ 40 ಗಂಟೆ. ಖಾರದ ಪುಡಿಗೆ ಸೊನ್ನೆ, ಅದು ಬಿಸಿಲಲ್ಲೇ ಒಣಗುತ್ತದೆ. ಗಂಟೆಗೆ ₹300.

ಎರಡನೆಯದು ಗಿರಣಿ ಖರ್ಚು, ₹12,500. ಕರೆಂಟು, ರಿಪೇರಿ, ಯಂತ್ರದ ಸವಕಳಿ. ಬೀಸಿದ ಗಂಟೆ ಖಾರಕ್ಕೆ 20, ಸಾಂಬಾರ್‌ಗೆ 20, ಶೇಂಗಾಕ್ಕೆ 10. ಗಂಟೆಗೆ ₹250.

ಮೂರನೆಯದು ಶೆಡ್ಡಿನ ಬಾಡಿಗೆ ಮತ್ತು ಕೆಲಸ ನೋಡಿಕೊಳ್ಳುವವರ ಸಂಬಳದ ಪಾಲು, ₹11,500. ಅವರದು ಒಂದೇ ಕೋಣೆ. ಒಂದು ದಿನ ಒಂದೇ ಪುಡಿ ಮಾಡುತ್ತಾರೆ, ಇಲ್ಲದಿದ್ದರೆ ವಾಸನೆ ಬೆರೆಯುತ್ತದೆ. ಹಾಗಾಗಿ ಕೋಣೆ ಹಿಡಿದ ದಿನಗಳೇ ಇಲ್ಲಿ ಅಳತೆ: ಖಾರ 5 ದಿನ, ಸಾಂಬಾರ್ 8, ಶೇಂಗಾ 10. ದಿನಕ್ಕೆ ₹500.

| | ಖಾರದ ಪುಡಿ | ಸಾಂಬಾರ್ ಪುಡಿ | ಶೇಂಗಾ ಚಟ್ನಿಪುಡಿ |
|---|---|---|---|
| ಹುರಿಯುವುದು | 0 | 6,000 | 12,000 |
| ಗಿರಣಿ | 5,000 | 5,000 | 2,500 |
| ಶೆಡ್ಡು | 2,500 | 4,000 | 5,000 |
| ಹಂಚಿಕೆ ಒಟ್ಟು | 7,500 | 15,000 | 19,500 |
| ಗ್ರಾಸ್ ಮಾರ್ಜಿನ್ | 17,300 | 19,000 | 10,500 |
| ಶೇಕಡಾ | 15.7 | 19.0 | 15.0 |

ಸಾಂಬಾರ್ ಪುಡಿ ಇದ್ದಲ್ಲೇ ಇದೆ. ಖಾರದ ಪುಡಿ 7.5ರಿಂದ 15.7ಕ್ಕೆ ಏರಿತು. ಶೇಂಗಾ 27.9ರಿಂದ 15ಕ್ಕೆ ಇಳಿಯಿತು. ಚಿಕ್ಕ ತಂಗಿ ಈ ಸಾಲನ್ನು ಬಹಳ ಹೊತ್ತು ನೋಡಿ, "ಹೌದಲ್ರೀ, ಶೇಂಗಾ ಹುರಿದು ಸಿಪ್ಪೆ ತೆಗೆಯೋದ್ರಾಗ ಇಡೀ ದಿನ ಹೋಗ್ತದ" ಅಂದರು. ಕೈಯಿಂದ ಕೆಲಸ ಮಾಡುವವರಿಗೆ ಇದು ಮೊದಲೇ ಗೊತ್ತಿರುತ್ತದೆ. ಹಾಗಾಗಿ ಹಂಚುವ ಅಳತೆ ಆರಿಸುವ ಮುಂಚೆ ಅವರನ್ನೇ ಕೇಳಿ.

ಗುಂಪುಗಳನ್ನು ಜಾಸ್ತಿ ಮಾಡಬೇಡಿ. ಇಷ್ಟು ದೊಡ್ಡ ಘಟಕಕ್ಕೆ ಮೂರು ಸಾಕು. ತಿಂಗಳಿಗೆ ₹400 ಆಗುವ ಪೊರಕೆ, ಬಟ್ಟೆ ಖರ್ಚಿಗೆ ಬೇರೆ ಅಳತೆ ಹುಡುಕುತ್ತಾ ಕೂರುವುದು ದಂಡ, ಶೆಡ್ಡಿನ ಜೊತೆ ಸೇರಿಸಿಬಿಡಿ.

ಕೆಲಸ ಕಡಿಮೆಯಾದ ತಿಂಗಳು

ಮಳೆ ಹಿಡಿದ ತಿಂಗಳಲ್ಲಿ ಗಿರಣಿ 50 ಗಂಟೆಯ ಬದಲು 25 ಗಂಟೆ ಮಾತ್ರ ಓಡಿತು ಅನ್ನಿ. ಗಿರಣಿ ಖರ್ಚಿನಲ್ಲಿ ಕರೆಂಟು ಗಂಟೆಗೆ ₹100, ಅದು ಓಡಿದಷ್ಟೇ ಆಗುತ್ತದೆ. ಉಳಿದ ₹7,500 ಓಡಲಿ ಬಿಡಲಿ ತಗುಲುತ್ತದೆ. ಹಾಗಾಗಿ ಆ ತಿಂಗಳ ಖರ್ಚು ₹10,000. ಇದನ್ನು 25 ಗಂಟೆಗೆ ಹಂಚಿದರೆ ಗಂಟೆಗೆ ₹400 ಆಗುತ್ತದೆ. ಪುಡಿ ಮಾಡುವ ರೀತಿ ಬದಲಾಗಿಲ್ಲ, ಆದರೂ ಪ್ರತಿ ಪ್ಯಾಕೆಟ್ ತುಟ್ಟಿಯಾದಂತೆ ಕಾಣುತ್ತದೆ. ಅದನ್ನು ನೋಡಿ ಬೆಲೆ ಏರಿಸಿದರೆ ಮಾರಾಟ ಇನ್ನೂ ಕುಸಿಯಬಹುದು.

ಎಎಸ್ 2 ಇದಕ್ಕೂ ದಾರಿ ಹೇಳಿದೆ. ಸ್ಥಿರ ಖರ್ಚನ್ನು ಮಾಮೂಲು ತಿಂಗಳ ಸಾಮರ್ಥ್ಯದ ಮೇಲೆ ಹಂಚಬೇಕು. ಅಂದರೆ ದರ ₹250 ಆಗಿಯೇ ಇರಲಿ. 25 ಗಂಟೆಗೆ ₹6,250 ಪುಡಿಗಳಿಗೆ ಹೋಗುತ್ತದೆ. ಮಿಕ್ಕ ₹3,750ನ್ನು "ಬಳಸದ ಗಿರಣಿ" ಅಂತ ವರದಿಯ ಕೆಳಗೆ ಒಂದೇ ಸಾಲಿನಲ್ಲಿ ಆ ತಿಂಗಳ ಖರ್ಚಾಗಿ ತೋರಿಸಿ. ಹಬ್ಬದ ಮುಂಚಿನಂತೆ ಮಾಮೂಲಿಗಿಂತ ತೀರಾ ಜಾಸ್ತಿ ಓಡಿದ ತಿಂಗಳಲ್ಲಿ ಮಾತ್ರ ದರವನ್ನು ಇಳಿಸಬೇಕು. ಇಲ್ಲದಿದ್ದರೆ ಆಗದ ಖರ್ಚನ್ನೂ ಹಂಚಿದಂತಾಗುತ್ತದೆ.

ತಾಳೆ ನೋಡದೆ ವರದಿ ಹೊರಗೆ ಕೊಡಬೇಡಿ

ಮೂರೂ ಪುಡಿಗಳ ಗ್ರಾಸ್ ಮಾರ್ಜಿನ್ ಕೂಡಿಸಿ: 17,300, 19,000, 10,500. ಒಟ್ಟು ₹46,800. ಹಳೆಯ ಹಂಚಿಕೆಯಲ್ಲೂ 8,300, 19,000, 19,500 ಕೂಡಿದರೆ ಅದೇ ₹46,800. ಹಂಚುವ ವಿಧಾನ ಬದಲಾದರೆ ಪಾಲು ಬದಲಾಗುತ್ತದೆ, ಒಟ್ಟು ಬದಲಾಗಬಾರದು. ಈ ಅಂಕಿ ನಿಮ್ಮ ಟ್ಯಾಲಿಯ ಲೆಕ್ಕಕ್ಕೂ ಕೂಡಬೇಕು, ಬೇರೆ ಸಾಲಿನಲ್ಲಿ ತೋರಿಸಿದ ತೂಕದ ವ್ಯತ್ಯಾಸ, ಬಳಸದ ಗಿರಣಿ ಖರ್ಚನ್ನು ಸೇರಿಸಿಕೊಂಡು. ಕೂಡದಿದ್ದರೆ ಸಾಮಾನ್ಯವಾಗಿ ಕಾರಣ ಎರಡರಲ್ಲಿ ಒಂದು: ಯಾವುದೋ ಖರ್ಚು ಎರಡು ಸಲ ಬಂದಿದೆ (ಪ್ಯಾಕಿಂಗ್ ಕೂಲಿ ಸಂಬಳದ ಖಾತೆಯಲ್ಲೂ ಇರುತ್ತದೆ), ಇಲ್ಲವೇ ದಾಸ್ತಾನನ್ನು ತೂಗದೆ ಅಂದಾಜಿನಲ್ಲಿ ಬರೆದಿದ್ದಾರೆ.

ತೀರ್ಮಾನಕ್ಕೆ ಇನ್ನೂ ಒಂದು ಕಾಲಂ ಬೇಕು

ಸರಾಸರಿ ದರ ಹಿಂದೆ ಏನಾಯಿತು ಅಂತ ಹೇಳುತ್ತದೆ. ನಾಳೆ ಯಾವ ಬೆಲೆಗೆ ಮಾರಬೇಕು ಎನ್ನುವುದಕ್ಕೆ ಅದು ಸಾಲದು. ನಾವು ವರದಿ ಮುಗಿಸುವ ಹೊತ್ತಿಗೆ ಕಾಯಿ ಬಾಗಿಲಿಗೆ ಬಂದು ಬೀಳುವ ದರ ₹420 ಆಗಿತ್ತು. ಅದಕ್ಕೆ "ಇವತ್ತಿನ ದರದಲ್ಲಿ" ಅಂತ ಪಕ್ಕದಲ್ಲೊಂದು ಕಾಲಂ ಹಾಕಿದೆವು. ಕೆಜಿಗೆ ₹60 ಜಾಸ್ತಿ. ಖಾರದ ಪುಡಿಯ 220 ಕೆಜಿಗೆ ₹13,200 ಹೆಚ್ಚು ಖರ್ಚು. ಮಾರ್ಜಿನ್ ₹17,300ರಿಂದ ₹4,100ಕ್ಕೆ, ಅಂದರೆ 3.7%ಗೆ ಬಂತು. ಸಾಂಬಾರ್ ಪುಡಿ 12.4%. ಕಾಯಿ ಕಡಿಮೆ ಬೇಡುವ ಶೇಂಗಾ ಮಾತ್ರ 13.3%ರಲ್ಲಿ ನಿಂತಿತು.

ಇದು ಲೆಕ್ಕದ ಪುಸ್ತಕಕ್ಕೆ ಹೋಗುವ ಅಂಕಿಯಲ್ಲ. ಬೆಲೆ ನಿಗದಿಗೆ ಮಾತ್ರ. ಎರಡನ್ನೂ ಒಂದೇ ಕಾಲಂನಲ್ಲಿ ಬೆರೆಸಬೇಡಿ.

ಹಾಗೆಯೇ, ಮಾರ್ಜಿನ್ ಕಡಿಮೆ ಅಂತ ಒಂದು ಸರಕನ್ನು ನಿಲ್ಲಿಸುವ ಮಾತು ಬಂದಾಗ ಹಂಚಿಕೆಯ ಮುಂಚಿನ "ಉಳಿದದ್ದು" ಸಾಲಿಗೆ ವಾಪಸ್ ಹೋಗಿ. ಹೊಸ ವರದಿ ನೋಡಿ ದೊಡ್ಡಕ್ಕ ಈಗ ಶೇಂಗಾ ನಿಲ್ಲಿಸೋಣವೇ ಅಂತ ಕೇಳಿದರು. ನಿಲ್ಲಿಸಿದರೆ ₹30,000 ಕೈಬಿಡುತ್ತದೆ. ಉಳಿಯುವುದೇನು? ಗ್ಯಾಸಿನಲ್ಲಿ ಅದರ ಪಾಲು ₹6,000, ಕರೆಂಟಿನಲ್ಲಿ ₹1,000. ಬಾಡಿಗೆ ಹಾಗೇ ಇರುತ್ತದೆ, ಸಂಬಳ ಹಾಗೇ ಇರುತ್ತದೆ, ಸವಕಳಿ ಹಾಗೇ ಇರುತ್ತದೆ. ತಿಂಗಳಿಗೆ ₹23,000 ನಷ್ಟ. ಆ ಜಾಗದಲ್ಲಿ, ಆ 10 ದಿನಗಳಲ್ಲಿ ಅದಕ್ಕಿಂತ ಹೆಚ್ಚು ಉಳಿಸುವ ಬೇರೆ ಸರಕು ಇದ್ದರೆ ಮಾತ್ರ ನಿಲ್ಲಿಸುವ ಮಾತು.

ಕೊನೆಗೆ ಅವರು ಯಾವುದನ್ನೂ ನಿಲ್ಲಿಸಲಿಲ್ಲ. ಖಾರದ ಪುಡಿಗೆ ಅಂಗಡಿಯವರ ದರವನ್ನು ₹110ರಿಂದ ₹120ಕ್ಕೆ ಏರಿಸಿದರು. 1,000 ಪ್ಯಾಕೆಟ್ ಹೋದರೆ ಇವತ್ತಿನ ಕಾಯಿಯ ದರದಲ್ಲೂ ₹14,100 ಉಳಿಯುತ್ತದೆ, ಸುಮಾರು 11.8%. ಶೇಂಗಾಕ್ಕೆ ಬೆಲೆ ಮುಟ್ಟಲಿಲ್ಲ. ಅರ್ಧರ್ಧ ಬಾಣಲೆ ಹುರಿಯುವ ಬದಲು ತುಂಬು ಬಾಣಲೆ ಹುರಿದು ನೋಡುತ್ತಿದ್ದಾರೆ. ಮೊಳೆಗೆ ತೂಗಿದ ನೋಟ್‌ಬುಕ್ಕಿನಲ್ಲಿ ಹುರಿದ ಗಂಟೆಯ ಕಾಲಂ 40ರಿಂದ ಎಷ್ಟಕ್ಕೆ ಇಳಿಯುತ್ತದೆ ಅಂತ ಮುಂದಿನ ತಿಂಗಳು 5ನೇ ತಾರೀಕು ಮತ್ತೆ ಕೂತು ನೋಡಬೇಕು.